ಹಳೇ ಇಟ್ಟಿಗೆ ಗೋಡೆಯ ಬುಡ ಉದುರುತ್ತಿದೆಯೇ? ಸಿಮೆಂಟ್ ತೆಗೆದು ಸುಣ್ಣದ ಗಾರೆ ಹಾಕುವ ಕ್ರಮ

"ಅಜ್ಜನ ಕಾಲದ ಮನೆ. ಹೊರಗೋಡೆಯ ಬುಡದಲ್ಲಿ ಗಾರೆ ಉದುರುತ್ತಿತ್ತು, ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಉಬ್ಬಿತು. ಈಗ ಬೀಳುವಾಗ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತಿದೆ. ಮೇಲೆ ಯಾವ ವಾಟರ್‌ಪ್ರೂಫಿಂಗ್ ಹಚ್ಚಿಸಬೇಕು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಯಾವುದನ್ನೂ ಹಚ್ಚಿಸಬೇಡಿ. ಗೋಡೆಗೆ ಬೇಕಿರುವುದು ಇನ್ನೊಂದು ಪದರವಲ್ಲ, ಈಗಿರುವ ಸಿಮೆಂಟಿನಿಂದ ಬಿಡುಗಡೆ. ಆ ಕೆಲಸ ಹೇಗೆ ಮಾಡಬೇಕು, ಏನೇನು ಎಷ್ಟೆಷ್ಟು ಬೇಕು, ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇವೆ.

ಇಲ್ಲಿ ಹೇಳುವುದೆಲ್ಲ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಇಟ್ಟಿಗೆ ಗೋಡೆಗೆ ಮಾತ್ರ. ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥ ಗೋಡೆಗಳು ಇನ್ನೂ ಸಾಕಷ್ಟಿವೆ. ಭಾರತದಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟ್ ತಯಾರಿಸತೊಡಗಿದ್ದು 1914ರಲ್ಲಿ. ಅದು ಸಾಮಾನ್ಯರ ಮನೆಗಳಿಗೆ ಬರಲು ಮತ್ತೆ ಕೆಲವು ದಶಕ ಹಿಡಿಯಿತು. ಅದಕ್ಕೆ ಮುಂಚಿನ ಮನೆಯಾದರೆ ನಿಮ್ಮ ಗೋಡೆ ಸುಣ್ಣದ್ದೋ ಮಣ್ಣಿನದೋ ಇರುವ ಸಂಭವವೇ ಹೆಚ್ಚು. ಸಿಮೆಂಟಿನಲ್ಲೇ ಕಟ್ಟಿದ ಗೋಡೆಗೆ ಈ ಲೇಖನ ಬೇಡ.

ಸಿಮೆಂಟ್ ಹಾಕಿದರೆ ಗೋಡೆಗೆ ಏನಾಗುತ್ತದೆ?

ಹಳೇ ಮನೆಗಳ ಪಾಯದಲ್ಲಿ ನೀರು ಮೇಲೇರದಂತೆ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳ ಮೂಲಕ ಮೇಲೆ ಬರುತ್ತಲೇ ಇರುತ್ತದೆ, ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಲೇ ಇರುತ್ತದೆ. ಬಂದಷ್ಟು ಹೋದರೆ ತೊಂದರೆಯಿಲ್ಲ. ಸುಣ್ಣದ ಗಾರೆಯಲ್ಲಿ ರಂಧ್ರ ಹೆಚ್ಚು, ಆದ್ದರಿಂದ ತೇವ ಬಹುಪಾಲು ಇಟ್ಟಿಗೆಗಳ ನಡುವಿನ ಸಂದುಗಳಿಂದಲೇ ಹೊರಬೀಳುತ್ತದೆ. ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಸುತ್ತಲಿನದನ್ನು ಒತ್ತಿ ಒಡೆಯುತ್ತದೆ. ಹಾಗೆ ಪುಡಿಯಾಗುವುದು ಸಂದಿನ ಗಾರೆ. ಅದನ್ನು ಕೆಲವು ವರ್ಷಗಳಿಗೊಮ್ಮೆ ಕೆರೆದು ಹೊಸದು ತುಂಬಬಹುದು. ಇಟ್ಟಿಗೆ ಉಳಿಯುತ್ತದೆ.

ಸಂದಿಗೆ ಸಿಮೆಂಟ್ ತುಂಬಿದಿರೋ, ಈ ಲೆಕ್ಕ ತಿರುಗುಮುರುಗು. ಸಿಮೆಂಟಿನ ಮೂಲಕ ತೇವ ಹೊರಬರುವುದು ಬಹಳ ಕಷ್ಟ, ಹಾಗಾಗಿ ಅದು ಇಟ್ಟಿಗೆಯ ದಾರಿ ಹಿಡಿಯುತ್ತದೆ. ಉಪ್ಪು ಇಟ್ಟಿಗೆಯ ಮುಖದ ಒಳಗೇ, ಅರ್ಧ ಬೆರಳು ಆಳದಲ್ಲಿ ಹರಳುಗಟ್ಟಿ ಮುಖವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಕೆಲವು ವರ್ಷ ಬಿಟ್ಟು ನೋಡಿದರೆ ಇಟ್ಟಿಗೆಗಳೆಲ್ಲ ಒಳಕ್ಕೆ ಸವೆದು ಗುಳಿಬಿದ್ದಿರುತ್ತವೆ, ಸಿಮೆಂಟಿನ ಗೆರೆಗಳು ಮಾತ್ರ ಚೌಕಟ್ಟಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ. ಈ ಗುರುತು ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ.

ಇಡೀ ಬುಡಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಇನ್ನೂ ಕೆಟ್ಟದು. ಹೊರಹೋಗಲು ಜಾಗವಿಲ್ಲದ ತೇವ ಪ್ಲಾಸ್ಟರಿನ ಹಿಂದೆಯೇ ಮೇಲೇರುತ್ತದೆ. ಮೊದಲು ಎರಡು ಅಡಿಗೆ ನಿಂತಿದ್ದ ಕಲೆ ಈಗ ಮೂರು, ನಾಲ್ಕು ಅಡಿಯಲ್ಲಿ, ಪ್ಲಾಸ್ಟರ್ ಎಲ್ಲಿ ಮುಗಿಯುತ್ತದೋ ಅದರ ಮೇಲಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಳಗೋಡೆಯಲ್ಲಿ ತೇವವೇ ಇರದಿದ್ದ ಮನೆಯಲ್ಲಿ ಹೊರಗೆ ಸಿಮೆಂಟ್ ಬಳಿದ ಮೇಲೆ ಒಳಗೆ ಬಣ್ಣ ಉದುರತೊಡಗುವುದು ಇದೇ ಕಾರಣಕ್ಕೆ. ತೊಲೆ, ಬಾಗಿಲವಾಡದ ಮರ ಆ ತೇವದ ಮಟ್ಟದೊಳಗೆ ಸಿಕ್ಕಿದರೆ ಕೊಳೆಯುತ್ತದೆ.

ಎರಡನೇ ಕಾರಣ ಗಡಸುತನ. ಒಂದಕ್ಕೆ ನಾಲ್ಕು ಅಳತೆಯ ಸಿಮೆಂಟ್ ಗಾರೆ ಚದರ ಮಿಲಿಮೀಟರಿಗೆ ಸುಮಾರು 7 ನ್ಯೂಟನ್ ಒತ್ತಡ ತಾಳುತ್ತದೆ. ಒಂದಕ್ಕೆ ಮೂರರ ಸಾದಾ ಸುಣ್ಣದ ಗಾರೆ ತಾಳುವುದು ಅರ್ಧದಿಂದ ಒಂದೂವರೆ ನ್ಯೂಟನ್. ಹಳೇ ನಾಟಿ ಇಟ್ಟಿಗೆ ಬಹಳ ಕಡೆ ಮೂರು, ಮೂರೂವರೆ ನ್ಯೂಟನ್ನಿನ ಆಸುಪಾಸು. ಅಂದರೆ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ, ಸಿಮೆಂಟ್ ಗಾರೆ ಇಟ್ಟಿಗೆಗಿಂತ ಗಟ್ಟಿ. ಬಿಸಿಲು, ಮಳೆಗೆ ಗೋಡೆ ಹಿಗ್ಗಿ ಕುಗ್ಗುವಾಗ ಯಾವುದು ಮೆತ್ತಗಿದೆಯೋ ಅದು ಬಿಟ್ಟುಕೊಡುತ್ತದೆ. ಸುಣ್ಣವಾದರೆ ಸಂದಿನಲ್ಲಿ ಕೂದಲೆಳೆ ಬಿರುಕು ಬೀಳುತ್ತದೆ. ಸಿಮೆಂಟಾದರೆ ಇಟ್ಟಿಗೆಯ ಅಂಚು ಒಡೆಯುತ್ತದೆ. "ಸ್ಟ್ರಾಂಗ್ ಆಗಿರಲಿ ಅಂತ ಸ್ವಲ್ಪ ಜಾಸ್ತಿ ಸಿಮೆಂಟ್ ಹಾಕಿದೀವಿ ಸಾರ್" ಎಂದು ಮೇಸ್ತ್ರಿ ಹೇಳಿದರೆ, ಅವರು ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ಇಟ್ಟಿಗೆಗೆ ಅಪಾಯ ತಂದಿದ್ದಾರೆ.

ದೊಡ್ಡ ಸ್ಮಾರಕಗಳೂ ಈ ತಪ್ಪಿನಿಂದ ಹೊರತಾಗಿಲ್ಲ. ದೆಹಲಿಯ ಹುಮಾಯೂನನ ಗೋರಿಯ ಮಾಳಿಗೆಯ ಮೇಲೆ 20ನೇ ಶತಮಾನದಲ್ಲಿ ಸುರಿದಿದ್ದ ಕಾಂಕ್ರೀಟನ್ನು ಆಗಾ ಖಾನ್ ಟ್ರಸ್ಟಿನ ಸಂರಕ್ಷಣಾ ತಂಡ ಕೈಕೆಲಸದಲ್ಲಿ ತೆಗೆದು ಸುಣ್ಣದ ಕಾಂಕ್ರೀಟ್ ಹಾಕಿತು. ತೆಗೆದದ್ದರ ತೂಕವೇ 10 ಲಕ್ಷ ಕಿಲೋಗೂ ಹೆಚ್ಚು.

ಉದಾಹರಣೆಗೆ ಒಂದು ಗೋಡೆ, ಅದಕ್ಕೆ ಬೇಕಾದ ಸಾಮಾನು

10 ಅಡಿ ಉದ್ದ, 4 ಅಡಿ ಎತ್ತರದ ಬುಡದ ಭಾಗ ಎಂದಿಟ್ಟುಕೊಳ್ಳೋಣ. ಇಟ್ಟಿಗೆಯ ಮುಖ 9 ಇಂಚು ಉದ್ದ, 3 ಇಂಚು ಎತ್ತರ. ಸಂದು ಅರ್ಧ ಇಂಚು. ಇಂಥ ಗೋಡೆಯ ಮುಖದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಭಾಗ ಸಂದೇ. ಒಂದು ಇಂಚು ಆಳಕ್ಕೆ ಸಂದು ತುಂಬಲು 18 ಲೀಟರ್, 20 ಮಿಲಿಮೀಟರ್ ದಪ್ಪದ ಪ್ಲಾಸ್ಟರಿಗೆ 74 ಲೀಟರ್ ಗಾರೆ ಹಿಡಿಯುತ್ತದೆ. ಗುಂಡಿ ತುಂಬುವುದು, ಬಿದ್ದು ಹೋಗುವುದು ಸೇರಿಸಿ 110 ಲೀಟರ್ ಲೆಕ್ಕ ಹಾಕಿ.

ಈ ಗೋಡೆಗೆ ನಾವು ಸೂಚಿಸುವ ಅಳತೆ: ನೀರಲ್ಲಿ ನೆನೆದ ಸುಣ್ಣದ ಮುದ್ದೆ 1, ಸುರ್ಕಿ ಅರ್ಧ, ಮರಳು ಎರಡೂವರೆ. ಎಲ್ಲವೂ ತೂಕದಲ್ಲಲ್ಲ, ಪಾತ್ರೆಯ ಅಳತೆಯಲ್ಲಿ. ಸುಣ್ಣ ಮರಳಿನ ಕಣಗಳ ನಡುವಿನ ಖಾಲಿ ಜಾಗದಲ್ಲಿ ಕೂರುವುದರಿಂದ, ಕಲಸಿದ ಗಾರೆಯ ಪ್ರಮಾಣ ಮರಳು, ಸುರ್ಕಿ ಎರಡೂ ಸೇರಿದಷ್ಟೇ ಇರುತ್ತದೆ. ಹಾಗಾಗಿ 110 ಲೀಟರಿಗೆ ಮರಳು 92 ಲೀಟರ್, ಸುರ್ಕಿ 18 ಲೀಟರ್, ಸುಣ್ಣದ ಮುದ್ದೆ 37 ಲೀಟರ್ ಬೇಕು. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ ಸುಮಾರು ಎರಡು ಲೀಟರ್ ಮುದ್ದೆ ಕೊಡುತ್ತದೆ. 20 ಕಿಲೋ ಸಾಕು, ಸೋಸುವಾಗ ಹೋಗುವುದಕ್ಕೆ ಇನ್ನೈದು ಕಿಲೋ ಇರಲಿ.

*ಸುಟ್ಟ ಸುಣ್ಣ* ಎಂದರೆ ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟು ತೆಗೆದ ಹರಳು. ಅಂಗಡಿಯಿಂದ ತಂದೊಡನೆ ಒಂದು ಹರಳನ್ನು ಕಬ್ಬಿಣದ ಪಾತ್ರೆಯ ನೀರಿಗೆ ಹಾಕಿ ನೋಡಿ. ಕೆಲವೇ ನಿಮಿಷದಲ್ಲಿ ಕುದಿದು, ಸಿಡಿದು, ಅರಳಬೇಕು. ಬಿಸಿಯೇ ಏಳದಿದ್ದರೆ ಅದು ಗಾಳಿಗೆ ತೆರೆದಿಟ್ಟು ಸತ್ತ ಸುಣ್ಣ, ವಾಪಸ್ ಕೊಡಿ. ಬಣ್ಣದಂಗಡಿಯಲ್ಲಿ ಸುಣ್ಣ ಎಂದು ಪೊಟ್ಟಣದಲ್ಲಿ ಮಾರುವ ಬಿಳಿ ಪುಡಿ ಎಷ್ಟೋ ಸಲ ಬರೀ ಸೀಮೆಸುಣ್ಣದಂಥ ಪುಡಿ. ಅದರಿಂದ ಗಾರೆ ಗಟ್ಟಿಯಾಗುವುದಿಲ್ಲ. ಹಾಗೆಯೇ ಡಬ್ಬಿ, ಚೀಲಗಳಲ್ಲಿ ಬರುವ ವಾಲ್ ಪುಟ್ಟಿ ಬಿಳಿ ಸಿಮೆಂಟಿನದೋ ಅಕ್ರಿಲಿಕ್‌ದೋ ಆಗಿರುತ್ತದೆ. ಅದಕ್ಕೂ ಸುಣ್ಣದ ಮುದ್ದೆಗೂ ಸಂಬಂಧವಿಲ್ಲ.

*ಸುರ್ಕಿ* ಎಂದರೆ ಇಟ್ಟಿಗೆಯ ಪುಡಿ. ಆದರೆ ಯಾವ ಇಟ್ಟಿಗೆಯದಾದರೂ ಆಗದು. ಬರೀ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ. ಕಡಿಮೆ ಬೆಂದ ಜೇಡಿಮಣ್ಣು ಸೇರಿದರೆ ಸುಣ್ಣದೊಡನೆ ಬೆರೆತು ತೇವದಲ್ಲೂ ಗಟ್ಟಿಯಾಗುವ ಗುಣ ಬರುತ್ತದೆ, ಗೋಡೆಯ ಬುಡಕ್ಕೆ ಅದೇ ಬೇಕು. ಚೆನ್ನಾಗಿ ಬೆಂದ ಗಟ್ಟಿ ಇಟ್ಟಿಗೆಯ ಪುಡಿಯಲ್ಲಿ ಆ ಶಕ್ತಿ ಉಳಿದಿರುವುದಿಲ್ಲ, ಅದು ಕೆಂಪು ಮರಳು ಅಷ್ಟೇ. ಪರೀಕ್ಷೆ ಸುಲಭ. ಸುರ್ಕಿ, ಸುಣ್ಣದ ಮುದ್ದೆ ಸಮ ಸಮ ಕಲಸಿ ನಿಂಬೆ ಗಾತ್ರದ ಉಂಡೆ ಮಾಡಿ, ಒದ್ದೆ ಗೋಣಿಯಲ್ಲಿ ಒಂದು ವಾರ ಇಡಿ. ಆಮೇಲೆ ನೀರಿಗೆ ಹಾಕಿ. ಮರುದಿನವೂ ಉಂಡೆ ಉಂಡೆಯಾಗೇ ಇದ್ದರೆ ಸುರ್ಕಿ ಒಳ್ಳೆಯದು, ಕರಗಿ ಕೆಸರಾದರೆ ಬೇಡ.

*ಮರಳು* ಮೊನಚು ಕಣದ್ದು, ದಪ್ಪ ಸಣ್ಣ ಎರಡೂ ಬೆರೆತದ್ದು ಇರಬೇಕು. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಬೇಕು, ಕ್ರಷರ್ ಧೂಳು ಇದ್ದರೆ ಗಾರೆ ಬಿರುಕು ಬಿಡುತ್ತದೆ. ಒಣ ಮರಳನ್ನು ಒಂದು ಲೀಟರ್ ಪಾತ್ರೆಗೆ ತುಂಬಿ, ಅಳೆದ ನೀರನ್ನು ಮೇಲ್ಮಟ್ಟಕ್ಕೆ ಬರುವವರೆಗೆ ನಿಧಾನವಾಗಿ ಸುರಿಯಿರಿ. ಹಿಡಿದ ನೀರೇ ಖಾಲಿ ಜಾಗದ ಅಳತೆ. 330 ಮಿಲಿಲೀಟರ್ ಹಿಡಿದರೆ ಒಂದಕ್ಕೆ ಮೂರರ ಅಳತೆ ಸರಿ. 400 ಹಿಡಿದರೆ ಅದೇ ಮರಳಿಗೆ ಒಂದಕ್ಕೆ ಎರಡೂವರೆ ಬೇಕಾಗುತ್ತದೆ. ಮೇಸ್ತ್ರಿಯ ಅಂದಾಜಿಗಿಂತ ಈ ಐದು ನಿಮಿಷದ ಪರೀಕ್ಷೆಯನ್ನು ನಂಬಿ.

ಹಂತ 1: ಗೋಡೆಯಲ್ಲಿ ಏನಿದೆ ಎಂದು ತಿಳಿಯಿರಿ

ಸಿಮೆಂಟ್ ಹಾಕದ ಕಡೆ, ಎರಡು ಇಂಚು ಒಳಗಿಂದ ಮುಷ್ಟಿಯಷ್ಟು ಹಳೇ ಗಾರೆ ತೆಗೆಯಿರಿ. ಮುರಿದು ಬಿಸಿಲಿನಲ್ಲಿ ನೋಡಿ. ಅಕ್ಕಿ ಕಾಳಿನಿಂದ ಕಡಲೆ ಗಾತ್ರದವರೆಗೆ ಬೆಳ್ಳನೆಯ ಮೆತ್ತನೆ ಚುಕ್ಕೆಗಳಿದ್ದರೆ ಅದು ಪೂರ್ತಿ ಬೆರೆಯದ ಸುಣ್ಣ, ಅಂದರೆ ಸುಣ್ಣದ ಗಾರೆ. ಕೆಂಪು ಕಣವಿದ್ದರೆ ಸುರ್ಕಿ ಹಾಕಿದ್ದಾರೆ. ನೀರಿಗೆ ಹಾಕಿದೊಡನೆ ಕರಗಿ ಕೆಸರಾದರೆ ಮಣ್ಣಿನ ಗಾರೆ. ಹೊರಗಿನ ಸಂದು ಮಾತ್ರ ಸುಣ್ಣದ್ದು, ಒಳಗೆಲ್ಲ ಮಣ್ಣು ಎಂಬ ಗೋಡೆಗಳೂ ಬಹಳ. ಅಂಥ ಗೋಡೆಯನ್ನು ತೊಳೆಯುವುದು, ನೀರು ಹಾಯಿಸುವುದು ಮಾಡಿದರೆ ಒಳಗಿನ ಮಣ್ಣು ಹರಿದುಹೋಗುತ್ತದೆ. ಒಳಗಿನ ಗುಂಡಿಗಳನ್ನು ಮಣ್ಣಿನ ಗಾರೆಯಲ್ಲೇ ತುಂಬಿ, ಮುಖಕ್ಕೆ ಮಾತ್ರ ಸುಣ್ಣ ಬಳಸಿ.

ಆಸಿಡ್ ಹಾಕಿ ನೊರೆ ಬಂದರೆ ಸುಣ್ಣ ಎಂಬ ಪರೀಕ್ಷೆಯನ್ನು ನೆಚ್ಚಬೇಡಿ. ಹಳೆಯದಾದ ಸಿಮೆಂಟ್ ಗಾರೆಯೂ ನೊರೆ ಬಿಡುತ್ತದೆ.

ಗೋಡೆ ಹೊರಕ್ಕೆ ಉಬ್ಬಿದ್ದರೆ, ಮೆಟ್ಟಿಲಿನಂತೆ ಏರುವ ಅಗಲವಾದ ಬಿರುಕಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಪಾಯದ ತೊಂದರೆ, ಹಳೇ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು. ಮನೆ ಯಾವುದಾದರೂ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ರಿಪೇರಿಗೂ ಮೊದಲು ಅನುಮತಿ ಬೇಕು.

ಹಂತ 2: ನೀರು ಬರುವ ದಾರಿ ಮುಚ್ಚಿ

ಈ ಹಂತ ಬಿಟ್ಟರೆ ಮುಂದಿನದೆಲ್ಲ ದಂಡ. ಹೆಂಚಿನ ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಬಚ್ಚಲ ಪೈಪ್ ಸೋರುತ್ತಿದೆಯೇ ನೋಡಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ವರ್ಷ ವರ್ಷ ಮಣ್ಣು, ಡಾಂಬರು ಏರಿಸಿ ಅಂಗಳವೇ ಎತ್ತರವಾಗಿರುವ ಮನೆಗಳು ಬಹಳ. ಗೋಡೆಗೆ ತಾಗಿಸಿ ಹಾಕಿದ ಸಿಮೆಂಟ್ ಅಂಗಳವಂತೂ ನೆಲದ ತೇವವನ್ನೆಲ್ಲ ಗೋಡೆಗೇ ತಳ್ಳುತ್ತದೆ. ಅದನ್ನು ಗೋಡೆಯಿಂದ ಒಂದಡಿ ಅಗಲಕ್ಕೆ ಒಡೆದು ತೆಗೆದು, ಜಲ್ಲಿ ತುಂಬಿ, ಹೊರಕ್ಕೆ ಇಳಿಜಾರು ಕೊಡಿ. ಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಮಾತ್ರ ಅಗೆಯಬೇಡಿ.

ಹಂತ 3: ಸಿಮೆಂಟ್ ತೆಗೆಯುವುದು

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಶುರುಮಾಡಿ. ಸುತ್ತಿಗೆಯ ಹಿಡಿಯಿಂದ ಪ್ಲಾಸ್ಟರನ್ನು ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಅದು ಆಗಲೇ ಗೋಡೆ ಬಿಟ್ಟಿದೆ, ಅಂಚಿನಲ್ಲಿ ಅಗಲ ಉಳಿ ಕೊಟ್ಟು ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಗಟ್ಟಿ ಹಿಡಿದ ಕಡೆ ಉಳಿಯನ್ನು ಗೋಡೆಗೆ ನೇರವಾಗಿ ಹಿಡಿದು ಹೊಡೆಯದೆ, ಓರೆಯಾಗಿ ಹಿಡಿದು ಸಣ್ಣ ಸಣ್ಣ ತುಂಡುಗಳಲ್ಲಿ ತೆಗೆಯಿರಿ. ಬ್ರೇಕರ್ ಯಂತ್ರ ಬೇಡವೇ ಬೇಡ, ಅದರ ಅದುರುವಿಕೆಗೆ ಹಳೇ ಗಾರೆ ಗೋಡೆಯೊಳಗೇ ಸಡಿಲವಾಗುತ್ತದೆ.

ಸಂದುಗಳ ಸಿಮೆಂಟಿಗೆ ಸಂದಿಗಿಂತ ಕಿರಿದಾದ, ಹರಿತವಾದ ಉಳಿ ಬೇಕು. ಮೊದಲು ಸಂದಿನ ನಡುಗೆರೆಯಲ್ಲಿ ಸಣ್ಣ ಬಿಟ್ ಹಾಕಿ ಸಾಲಾಗಿ ತೂತು ಕೊರೆದುಕೊಂಡರೆ ಸಿಮೆಂಟ್ ಒಳಕ್ಕೆ ಮುರಿಯುತ್ತದೆ, ಇಟ್ಟಿಗೆಯ ಅಂಚಿಗೆ ಪೆಟ್ಟು ಬೀಳುವುದಿಲ್ಲ. ಕೆಲಸ ಬೇಗ ಆಗಲೆಂದು ಕಟಿಂಗ್ ಮೆಷಿನ್ ತರುತ್ತಾರೆ. ನಿಂತ ಸಂದು ಮೂರೇ ಇಂಚು ಉದ್ದ. ಅದರಲ್ಲಿ ನಾಲ್ಕಿಂಚು ಬ್ಲೇಡ್ ಓಡಿಸಿದರೆ ಮೇಲಿನ ಕೆಳಗಿನ ಇಟ್ಟಿಗೆ ಸೀಳದೆ ಇರಲು ಸಾಧ್ಯವೇ ಇಲ್ಲ.

ಆಳ ಎಷ್ಟು? ಸಂದಿನ ಅಗಲದ ಎರಡರಷ್ಟು, ಅರ್ಧ ಇಂಚಿನ ಸಂದಿಗೆ ಒಂದು ಇಂಚು. ಅಷ್ಟರೊಳಗೆ ಗಟ್ಟಿ ಸುಣ್ಣದ ಗಾರೆ ಸಿಕ್ಕರೆ ಅದನ್ನು ಕೆಣಕಬೇಡಿ. ಸಿಮೆಂಟ್ ತೆಗೆಯುವಾಗ ಇಟ್ಟಿಗೆಯೇ ಒಡೆಯುತ್ತಿದ್ದರೆ ಆ ಭಾಗವನ್ನು ಸದ್ಯಕ್ಕೆ ಹಾಗೇ ಬಿಡಿ. ಕೆಲವು ವರ್ಷದಲ್ಲಿ ಅದು ತಾನಾಗಿ ಸಡಿಲವಾಗುತ್ತದೆ, ಆಗ ತೆಗೆಯಬಹುದು. ತಪ್ಪು ಸರಿಮಾಡುವ ಭರದಲ್ಲಿ ಗೋಡೆ ಕೆಡಿಸುವುದು ತಪ್ಪಿಗಿಂತ ದೊಡ್ಡ ತಪ್ಪು.

ಹಂತ 4: ಒಣಗಲು ಬಿಡಿ, ಉಪ್ಪು ಗುಡಿಸಿ

ಬರಿಯ ಇಟ್ಟಿಗೆ ಕಾಣುವಂತೆ ಗೋಡೆಯನ್ನು ಎರಡು ಮೂರು ತಿಂಗಳಾದರೂ ಬಿಡಿ. ದಪ್ಪ ಗೋಡೆ ತಿಂಗಳಿಗೆ ಒಂದು ಇಂಚಿನ ಲೆಕ್ಕದಲ್ಲಿ ಒಣಗುತ್ತದೆ ಎನ್ನುವುದು ಬಳಕೆಯಲ್ಲಿರುವ ಅಂದಾಜು. ಕೆಲವೇ ದಿನಗಳಲ್ಲಿ ಹತ್ತಿಯಂಥ ಬಿಳಿ ಉಪ್ಪು ಹೊರಗೆ ಏಳುತ್ತದೆ. ಗಾಬರಿ ಬೇಡ, ಇಷ್ಟು ದಿನ ಒಳಗೆ ಸಿಕ್ಕಿಬಿದ್ದಿದ್ದದ್ದು ಈಗ ಹೊರಬರುತ್ತಿದೆ. ಒಣ ಬ್ರಷ್‌ನಿಂದ ಗುಡಿಸಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ದೂರ ಎಸೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಪುನಃ ಗೋಡೆಯೊಳಕ್ಕೇ ಹೋಗುತ್ತದೆ. ವಾರಕ್ಕೊಮ್ಮೆ ಗುಡಿಸುತ್ತಾ, ಏಳುವ ಉಪ್ಪು ಕಡಿಮೆಯಾದಾಗ ಮುಂದಿನ ಕೆಲಸಕ್ಕೆ ಇಳಿಯಿರಿ.

ಮುಖ ಪೂರ್ತಿ ಹೋದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಹಳೇ ಮನೆ ಕೆಡವಿದ ಕಡೆ ಸಿಗುವ ಅದೇ ಅಳತೆಯ ಇಟ್ಟಿಗೆ ಕೂರಿಸಿ. ಹೊಸ ವೈರ್‌ಕಟ್ ಇಟ್ಟಿಗೆ ಸುತ್ತಲಿನದಕ್ಕಿಂತ ಗಟ್ಟಿ, ಬೇಡ.

ಹಂತ 5: ಸುಣ್ಣ ಅರಳಿಸುವುದು

ಗೋಡೆ ಒಣಗುವ ಕಾಲದಲ್ಲೇ ಇದನ್ನು ಮಾಡಿಟ್ಟುಕೊಳ್ಳಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ. ಈ ಕ್ರಮ ತಪ್ಪಬಾರದು, ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. 25 ಕಿಲೋ ಸುಣ್ಣಕ್ಕೆ 75 ಲೀಟರ್ ನೀರು ಹಿಡಿದು, ಹರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಉದ್ದನೆ ಕೋಲಿನಿಂದ ಕಲಕಿ. ನೀರು ಕುದಿಯುತ್ತದೆ. ಕಣ್ಣಿಗೆ ಗಾಗಲ್ಸ್, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ. ಮಕ್ಕಳು, ದನಕರು ಬರದಂತೆ ಕಟ್ಟು ಹಾಕಿ. ಪ್ಲಾಸ್ಟಿಕ್ ಡ್ರಮ್ ಬಳಸಬೇಡಿ, ಬಿಸಿಗೆ ಮೆತ್ತಗಾಗುತ್ತದೆ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ತಣ್ಣಗಾದ ಮೇಲೆ 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಮೇಲೆ ಎರಡಿಂಚು ನೀರು ನಿಲ್ಲುವಂತೆ ಮುಚ್ಚಿಡಿ. ಕನಿಷ್ಠ ಮೂರು ವಾರ, ಸಾಧ್ಯವಾದರೆ ಎರಡು ಮೂರು ತಿಂಗಳು ಹಾಗೇ ಇರಲಿ. ಅವಸರ ಮಾಡಿದರೆ ಅರಳದೆ ಉಳಿದ ಕಣಗಳು ಪ್ಲಾಸ್ಟರಿನೊಳಗೆ ಆಮೇಲೆ ಅರಳಿ, ಮೈಮೇಲೆ ಪುಟ್ಟ ಗುಳಿಗಳು ಸಿಡಿಯುತ್ತವೆ. ಪ್ರತಿ ಗುಳಿಯ ನಡುವೆ ಒಂದು ಬಿಳಿ ಚುಕ್ಕೆ ಕಾಣುವುದೇ ಇದರ ಗುರುತು.

ಹಂತ 6: ಗಾರೆ ಕಲಸುವುದು

ಮುದ್ದೆಯ ಮೇಲಿನ ನೀರು ಬಸಿಯಿರಿ. ಕರಣೆಯನ್ನು ಓರೆ ಮಾಡಿದರೂ ಮುದ್ದೆ ಜಾರಬಾರದು, ಅಷ್ಟು ಗಟ್ಟಿ ಇರಬೇಕು. ಮರಳಿನ ಜೊತೆ ಸೇರಿಸಿ ತುಳಿದು, ಮರದ ಕೊಡತಿಯಿಂದ ಕುಟ್ಟಿ ಕಲಸಿ. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದದ್ದು ಇದಕ್ಕೇ, ಕಣ ಕಣಕ್ಕೂ ಸುಣ್ಣ ಅಂಟಬೇಕು. ಮೊದಲಿಗೆ ಪುಡಿಪುಡಿಯಾಗಿ, ನೀರು ಸಾಲದು ಅನಿಸುತ್ತದೆ. ನೀರು ಹಾಕಬೇಡಿ. ಕಾಲು ಗಂಟೆ ಕುಟ್ಟಿದರೆ ಮುದ್ದೆಯಲ್ಲಿದ್ದ ನೀರೇ ಬಿಟ್ಟು ಗಾರೆ ಮೆತ್ತಗಾಗುತ್ತದೆ. ಸುಣ್ಣದ ಗಾರೆ ಬಿರುಕು ಬಿಡುವುದು ಹೆಚ್ಚಾಗಿ ಈ ಹಂತದಲ್ಲಿ ಸುರಿದ ಹೆಚ್ಚಿನ ನೀರಿನಿಂದಲೇ.

ಈ ಸುಣ್ಣ, ಮರಳಿನ ಮಿಶ್ರಣವನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಮುಚ್ಚಿ ವಾರಗಟ್ಟಲೆ ಇಡಬಹುದು. ಸುರ್ಕಿಯನ್ನು ಮಾತ್ರ ಕೆಲಸದ ದಿನ, ಆ ದಿನಕ್ಕೆ ಬೇಕಾದಷ್ಟಕ್ಕೇ ಬೆರೆಸಿ.

ಈಗ ಮೇಸ್ತ್ರಿ "ಒಂದ್ ಬೊಗಸೆ ಸಿಮೆಂಟ್ ಹಾಕಿದ್ರೆ ಬೇಗ ಹಿಡಿಯುತ್ತೆ" ಎನ್ನುತ್ತಾರೆ. ಬೇಡ ಎಂದು ಖಂಡಿತವಾಗಿ ಹೇಳಿ. ಸ್ವಲ್ಪ ಸಿಮೆಂಟ್ ಸೇರಿದ ಸುಣ್ಣದ ಗಾರೆ ಬೇಗ ಬಿಗಿಯುವುದು ನಿಜ, ಆದರೆ ಅದಕ್ಕೆ ಸಿಮೆಂಟಿನ ಬಲವೂ ಇಲ್ಲ, ಸುಣ್ಣದ ಗುಣವೂ ಪೂರ್ತಿ ಉಳಿಯದು. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಸ್ಮೀಟನ್ ಪ್ರಾಜೆಕ್ಟ್ ಹೆಸರಿನಲ್ಲಿ ನಡೆದ ಪ್ರಯೋಗಗಳಲ್ಲೂ ಅಲ್ಪ ಸಿಮೆಂಟಿನ ಗಾರೆಗಳು ಬಾಳಿಕೆಯಲ್ಲಿ ಸೋತವು, ಇಟ್ಟಿಗೆ ಪುಡಿ ಬೆರೆಸಿದವು ಚೆನ್ನಾಗಿ ನಿಂತವು. ಬೇಗ ಹಿಡಿಯಬೇಕೆಂದರೆ ಸುರ್ಕಿಯೇ ದಾರಿ.

ಬೆಲ್ಲ, ಅಳಲೆಕಾಯಿ ನೀರು ಹಾಕಬೇಕೇ ಎಂದೂ ಕೇಳುತ್ತೀರಿ. ಮಾಳಿಗೆಯ ಗಚ್ಚಿಗೆ, ನುಣುಪು ಮೈಯ ಕೆಲಸಕ್ಕೆ ಅದರ ಬಳಕೆ ಇದೆ, ಗೊತ್ತಿರುವ ಕೈಗೆ ಅದು ಒಳ್ಳೆಯದು. ತೇವದ ಬುಡದ ಗೋಡೆಗೆ ಅದರ ಅಗತ್ಯವಿಲ್ಲ. ಅಳತೆ ತಪ್ಪಿದರೆ ಬಿಗಿಯುವುದು ನಿಧಾನವಾಗುತ್ತದೆ, ಬೂಸು ಹಿಡಿಯುತ್ತದೆ.

ಹಂತ 7: ಸಂದು ತುಂಬುವುದು

ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ, ಕೆಲಸಕ್ಕೆ ಮುನ್ನ ಮತ್ತೊಮ್ಮೆ. ಇಟ್ಟಿಗೆ ತೇವವಾಗಿರಬೇಕು, ನೀರು ಹೊಳೆಯಬಾರದು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಗಾರೆ ಅಂಟದೆ ಪುಡಿಯಾಗುತ್ತದೆ.

ಸಂದಿಗಿಂತ ಕಿರಿದಾದ ಕರಣೆಯಿಂದ ಗಾರೆಯನ್ನು ಹಿಂದಕ್ಕೆ ಒತ್ತಿ ತುಂಬಿ. ಮುಕ್ಕಾಲು ಇಂಚಿಗಿಂತ ಆಳವಿದ್ದರೆ ಎರಡು ಸಲ ತುಂಬಿ, ನಡುವೆ ಒಂದು ದಿನ ಬಿಡಿ. ಇಟ್ಟಿಗೆಯ ಮುಖದ ಮೇಲೆ ಸವರಬೇಡಿ. ಪ್ಲಾಸ್ಟರ್ ಇಲ್ಲದೆ ಇಟ್ಟಿಗೆ ಕಾಣುವಂತೆ ಬಿಡುವ ಗೋಡೆಯಾದರೆ, ಅಂದಕ್ಕೆಂದು ಪಟ್ಟಿಯಂತೆ ಉಬ್ಬಿಸುವುದೂ ಬೇಡ. ಉಬ್ಬಿದ ಅಂಚಿನ ಮೇಲೆ ಮಳೆನೀರು ನಿಂತು ಒಳಗಿಳಿಯುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮಾತ್ರ ಮೆತ್ತಗಿರುವಾಗ, ಗಡಸು ಕೂದಲಿನ ಬ್ರಷ್‌ನ ತುದಿಯಿಂದ ಸಂದನ್ನು ತಟ್ಟಿ. ಗಾರೆ ಒತ್ತಿಕೊಳ್ಳುತ್ತದೆ, ಮೇಲಿನ ನುಣುಪು ಪೊರೆ ಹೋಗಿ ರಂಧ್ರಗಳು ತೆರೆಯುತ್ತವೆ. ಬಹಳ ಮಂದಿ ಬಿಟ್ಟುಬಿಡುವ ಕೆಲಸ ಇದು.

ಹಂತ 8: ಪ್ಲಾಸ್ಟರ್

ಮೊದಲ ಪದರ 10 ಮಿಲಿಮೀಟರ್, ಕರಣೆಯಿಂದ ಬೀಸಿ ಎಸೆದು ಹಿಡಿಸಿ. ಮೆತ್ತಗಿರುವಾಗ ಗೀರು ಹಾಕಿ. ಮರುದಿನ ಸಣ್ಣ ಬಿರುಕು ಕಂಡರೆ ಸ್ವಲ್ಪ ನೀರು ಚಿಮುಕಿಸಿ ಮರದ ಹಲಗೆಯಿಂದ ಒತ್ತಿ ಉಜ್ಜಿ, ಮುಚ್ಚಿಕೊಳ್ಳುತ್ತದೆ. ಒಂದು ವಾರದ ನಂತರ ಎರಡನೇ 10 ಮಿಲಿಮೀಟರ್. ಒಂದೇ ದಿನ 20 ಮಿಲಿಮೀಟರ್ ಬಳಿದರೆ ತೂಕಕ್ಕೆ ಜೋತು ಬೀಳುತ್ತದೆ, ಒಳಗೆ ಗಟ್ಟಿಯಾಗುವುದೂ ಇಲ್ಲ. ಕೊನೆಯ ಮೈ ಮರದ ಹಲಗೆಯದೇ ಇರಲಿ. ಉಕ್ಕಿನ ಕರಣೆಯಲ್ಲಿ ತೀಡಿ ಹೊಳಪು ತಂದರೆ ರಂಧ್ರ ಮುಚ್ಚುತ್ತದೆ. ಪ್ಲಾಸ್ಟರನ್ನು ನೆಲಕ್ಕೆ ತಾಗಿಸದೆ ಎರಡಿಂಚು ಮೇಲೆ ನಿಲ್ಲಿಸಿ.

ಹಂತ 9: ನೀರು ಹಾಕುವುದು, ನೀರು ಹಾಕದಿರುವುದು

ಸಿಮೆಂಟಿಗೆ ಅಭ್ಯಾಸವಾದ ಕೈ ಇಲ್ಲಿ ಎಡವುತ್ತದೆ. ಪೈಪ್ ಹಿಡಿದು ನೀರು ಹಾಯಿಸಬೇಡಿ. ಸುಣ್ಣ ಗಟ್ಟಿಯಾಗಲು ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೋಗಬೇಕು. ರಂಧ್ರವೆಲ್ಲ ನೀರು ತುಂಬಿದ್ದರೆ ಅದು ಒಳಗೆ ಹೋಗದು. ಪೂರ್ತಿ ಒಣಗಿದರೂ ಈ ಕ್ರಿಯೆ ನಿಲ್ಲುತ್ತದೆ. ಆದ್ದರಿಂದ ಗೋಡೆಯಿಂದ ನಾಲ್ಕಿಂಚು ಮುಂದೆ ಒದ್ದೆ ಗೋಣಿತಾಟು ಇಳಿಬಿಟ್ಟು, ಎರಡು ವಾರ ದಿನಕ್ಕೆ ಮೂರು ಸಲ ಸ್ಪ್ರೇಯರ್‌ನಿಂದ ಮಂಜಿನಂತೆ ಚಿಮುಕಿಸಿ. ಒಮ್ಮೆ ತೇವವಾಗಿ, ಮತ್ತೆ ಸ್ವಲ್ಪ ಆರಿ, ಮತ್ತೆ ತೇವವಾಗಬೇಕು.

ಫೆಬ್ರುವರಿ, ಮಾರ್ಚ್ ಈ ಕೆಲಸಕ್ಕೆ ಸರಿಯಾದ ಕಾಲ. ನೇರ ಬಿಸಿಲು ಬೀಳುವ ಗೋಡೆಗೆ ನೆರಳು ಕಟ್ಟಲೇಬೇಕು. ಮೇ ತಿಂಗಳಿಗೆ ತಳ್ಳಿದರೆ ಗಟ್ಟಿಯಾಗುವ ಮೊದಲೇ ಮುಂಗಾರು ಹೊಡೆಯುತ್ತದೆ.

ಗಟ್ಟಿಯಾಗಿದೆಯೇ ಎಂದು ನೋಡಲು ಅದೇ ಗಾರೆಯ ಒಂದು ಬಿಲ್ಲೆ ಮಾಡಿ ಗೋಡೆಯ ಪಕ್ಕ ಇಟ್ಟಿರಿ. ಒಂದು ತಿಂಗಳ ಮೇಲೆ ಮುರಿದು, ಮುರಿದ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಚಿಮುಕಿಸಿ. ಶಾಲೆಯ ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಗುಲಾಬಿ ಬಣ್ಣ ಬಂದ ಕಡೆ ಸುಣ್ಣ ಇನ್ನೂ ಹಸಿ, ಬಣ್ಣ ಬಾರದ ಕಡೆ ಕಲ್ಲಾಗಿದೆ. ಹೊರ ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಬಣ್ಣವಿಲ್ಲದಿದ್ದರೂ ಕೆಲಸ ಸರಿದಾರಿಯಲ್ಲಿದೆ. ಅಂಚೂ ಗುಲಾಬಿಯಾದರೆ ಗೋಡೆ ಅತಿ ಒಣಗಿದೆ, ಇಲ್ಲವೇ ಅತಿ ನೆನೆದಿದೆ.

ಹಂತ 10: ಮೇಲಿನ ಬಣ್ಣ

ಹಾಲಿನಷ್ಟು ತೆಳುವಾದ ಸುಣ್ಣದ ನೀರು, ನಾಲ್ಕೈದು ಸಲ, ಸಲಕ್ಕೊಂದು ದಿನ ಬಿಟ್ಟು. ಬಣ್ಣ ಬೇಕಾದರೆ ಕಾವಿ ಬೆರೆಸಿ. ಎಮಲ್ಷನ್, ಡ್ಯಾಂಪ್‌ಪ್ರೂಫ್ ಪೇಂಟ್, ವಾಲ್ ಪುಟ್ಟಿ ಹಚ್ಚಿದರೆ ಇಷ್ಟೆಲ್ಲ ಮಾಡಿದ ಗೋಡೆಗೆ ಮತ್ತೆ ಪ್ಲಾಸ್ಟಿಕ್ ಹೊದಿಸಿದಂತೆ.

ಆಮೇಲೆ ಏನನ್ನು ನಿರೀಕ್ಷಿಸಬೇಕು?

ಮೊದಲ ಬೇಸಿಗೆಯಲ್ಲಿ ಹೊಸ ಪ್ಲಾಸ್ಟರಿನ ಮೇಲೆ ಬಿಳಿ ಉಪ್ಪು ಏಳಬಹುದು. ಒಣ ಬ್ರಷ್‌ನಿಂದ ಗುಡಿಸಿ. ಕೈ ಸವರಿದರೆ ಹಿಟ್ಟಿನಂತೆ ಪುಡಿ ಬರುತ್ತಿದ್ದರೆ, ಮೊದಲ ವಾರಗಳಲ್ಲಿ ಬೇಗ ಒಣಗಿದೆ ಎಂದರ್ಥ. ತೆಳು ಸುಣ್ಣದ ನೀರನ್ನು ಹಲವು ಸಲ ಹೀರಿಸಿದರೆ ಎಷ್ಟೋ ಸುಧಾರಿಸುತ್ತದೆ. ತಟ್ಟಿದರೆ ಪೊಳ್ಳು ಸದ್ದು ಬರುವ ಭಾಗ ಒಣ ಇಟ್ಟಿಗೆಯ ಮೇಲೆ ಬಳಿದದ್ದು, ಅಷ್ಟನ್ನೇ ತೆಗೆದು ಮಾಡಿ.

ಕೆಲವು ವರ್ಷದ ಮೇಲೆ ಬುಡದ ಒಂದೆರಡು ಅಡಿಯಲ್ಲಿ ಈ ಸುಣ್ಣದ ಪ್ಲಾಸ್ಟರೂ ಮೆತ್ತಗಾಗಿ ಉದುರೀತು. ಅದನ್ನು ಕಂಡು "ಸುಣ್ಣ ನಿಲ್ಲಲ್ಲ" ಎಂದು ಮತ್ತೆ ಸಿಮೆಂಟಿಗೆ ಹೋಗಬೇಡಿ. ನೆಲದ ಉಪ್ಪನ್ನು ಇಟ್ಟಿಗೆಯ ಬದಲು ತಾನು ಹೀರಿಕೊಂಡು ಸವೆಯಲಿ ಎಂದೇ ಅದನ್ನು ಹಾಕಿದ್ದು. ಉದುರಿದ ಕಡೆ ಹಿಂದಿನ ಇಟ್ಟಿಗೆಯ ಮೈ ಗಟ್ಟಿಯಾಗಿದೆಯೇ ಎಂದು ಉಗುರಿನಿಂದ ಕೆರೆದು ನೋಡಿ. ಗಟ್ಟಿಯಾಗಿದ್ದರೆ ಉದುರಿದಷ್ಟನ್ನು ಕೆರೆದು, ಉಪ್ಪು ಗುಡಿಸಿ, 7ನೇ ಹಂತದಿಂದ ಅಷ್ಟು ಜಾಗಕ್ಕೆ ಮಾತ್ರ ಮತ್ತೆ ಮಾಡಿ. ಇಟ್ಟಿಗೆಯೂ ಪುಡಿಯಾಗುತ್ತಿದ್ದರೆ ನೀರು ಇನ್ನೂ ಎಲ್ಲಿಂದಲೋ ಬರುತ್ತಿದೆ, 2ನೇ ಹಂತಕ್ಕೆ ಹಿಂತಿರುಗಿ.